ಹಿಂಬಡ್ತಿ: ಶಿಕ್ಷೆಯೋ, ಹುದ್ದೆ ಕಡಿತವೋ?

ಕೇಳುಗರೆ, ನಮಸ್ಕಾರ.

ಬೆಳಿಗ್ಗೆ ಕಚೇರಿಗೆ ಹೋದ ಅಧೀಕ್ಷಕಿಯೊಬ್ಬರ ಮೇಜಿನ ಮೇಲೆ ಒಂದು ಆದೇಶ ಇದೆ ಎಂದುಕೊಳ್ಳಿ. ‘ಆಡಳಿತಾತ್ಮಕ ಕಾರಣಗಳಿಂದ ಪ್ರಥಮ ದರ್ಜೆ ಸಹಾಯಕರ ಹುದ್ದೆಗೆ ಹಿಂದಿರುಗಿಸಲಾಗಿದೆ.’ ಇರುವುದು ಅಷ್ಟೇ. ಆರೋಪವಿಲ್ಲ, ತಪ್ಪಿನ ಮಾತೇ ಇಲ್ಲ. ಹಾಗಾದರೆ ಇದು ಶಿಕ್ಷೆಯಲ್ಲವೇ?

ಸಂವಿಧಾನದ 311ನೇ ವಿಧಿಯ ಪ್ರಕಾರ ಸರ್ಕಾರಿ ನೌಕರರ ದರ್ಜೆಯನ್ನು ಶಿಕ್ಷೆಯಾಗಿ ಇಳಿಸಬೇಕಾದರೆ ಆರೋಪಗಳನ್ನು ತಿಳಿಸಿ, ವಿಚಾರಣೆ ನಡೆಸಿ, ಅವರ ಮಾತು ಕೇಳಬೇಕು. ಇದಕ್ಕೆ ಅಪವಾದಗಳು ತೀರಾ ಕಡಿಮೆ. ಹುದ್ದೆಯನ್ನೇ ನಿಜವಾಗಿ ರದ್ದು ಮಾಡಿದರೆ ಅದು ಶಿಕ್ಷೆಯಲ್ಲ, ಆ ವಿಚಾರಣೆಯೂ ಬೇಕಿಲ್ಲ. ಆದ್ದರಿಂದಲೇ ಕೆಲವೊಮ್ಮೆ ಶಿಕ್ಷೆಗೆ ಪುನರ್ರಚನೆಯ ಹೆಸರು ಇಡಲಾಗುತ್ತದೆ.

ಎರಡನ್ನೂ ಬೇರ್ಪಡಿಸುವ ಅಳತೆಗೋಲನ್ನು ಸುಪ್ರೀಂ ಕೋರ್ಟ್ 1957ರಲ್ಲಿ ಪುರುಷೋತ್ತಮ ಲಾಲ್ ಧಿಂಗ್ರಾ ಎಂಬ ರೈಲ್ವೆ ನೌಕರರ ಪ್ರಕರಣದಲ್ಲಿ ಕೊಟ್ಟಿತು. ಆ ಹುದ್ದೆಯ ಮೇಲೆ ನೌಕರನಿಗೆ ಹಕ್ಕಿತ್ತೇ? ಇಲ್ಲದಿದ್ದರೂ, ಇಳಿಸಿದ್ದರಿಂದ ಜ್ಯೇಷ್ಠತೆ ಹೋಯಿತೇ, ಮುಂದಿನ ಬಡ್ತಿ ತಪ್ಪಿತೇ? ಧಿಂಗ್ರಾ ಮೇಲಿನ ಹುದ್ದೆಯಲ್ಲಿ ತಾತ್ಕಾಲಿಕವಾಗಿ ಕೆಲಸ ಮಾಡುತ್ತಿದ್ದರು. ಹಾಗಾಗಿ ಅವರೇ ಸೋತರು. ಆದರೆ ಅವರ ಪ್ರಕರಣದ ಅಳತೆಗೋಲು ಮುಂದೆ ಅನೇಕರನ್ನು ಕಾಪಾಡಿತು.

ಪಂಜಾಬಿನ ಐಪಿಎಸ್ ಅಧಿಕಾರಿ ಪಿ. ಸಿ. ವಾಧ್ವಾ ಅವರೂ ಹಾಗೆಯೇ ತಾತ್ಕಾಲಿಕವಾಗಿ ಪೊಲೀಸ್ ಸೂಪರಿಂಟೆಂಡೆಂಟ್ ಆಗಿದ್ದರು. ಅವರಿಗೆ ಆರೋಪ ಪಟ್ಟಿ ಕೊಟ್ಟು, ವಿಚಾರಣೆ ಮುಗಿಸದೆ ಕೆಳಗಿಳಿಸಿದರು. ಅವರಿಗಿಂತ ಕಿರಿಯರು ಮಾತ್ರ ಮೇಲೆಯೇ ಉಳಿದರು. ನ್ಯಾಯಾಲಯ ಅದನ್ನು ಶಿಕ್ಷೆಯೆಂದೇ ಕಂಡಿತು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಇದನ್ನೇ: ಕಿರಿಯರು ಎಲ್ಲಿದ್ದಾರೆ?

ನಮ್ಮ ಅಧೀಕ್ಷಕಿಯ ಕಡೆಗೆ ಬರೋಣ. ಅವರದು ನಿಯಮಾನುಸಾರ ದೊರೆತ ಬಡ್ತಿ, ಬರೀ ಪ್ರಭಾರ ಅಲ್ಲ. ಕಚೇರಿಯ ಎರಡು ಅಧೀಕ್ಷಕ ಹುದ್ದೆಗಳಲ್ಲಿ ಒಂದನ್ನು ಕಡಿಮೆ ಮಾಡಿದ್ದಾರೆ ಎಂಬುದು ನಿಜವಾದರೆ, ಹುದ್ದೆ ರದ್ದಾದ ಸರ್ಕಾರಿ ಆದೇಶ ಇರಬೇಕು. ಕೊನೆಗೆ ಬಡ್ತಿ ಪಡೆದವರು ಮೊದಲು ಇಳಿಯಬೇಕು, ಹುದ್ದೆ ತೆರವಾದಾಗ ಇಳಿದವರು ಹಿಂದಿನ ಜ್ಯೇಷ್ಠತೆಯಲ್ಲೇ ಮೇಲೆ ಬರಬೇಕು. ಇವರನ್ನು ಇಳಿಸಿ, ಇವರ ಕುರ್ಚಿಯಲ್ಲಿ ಕಿರಿಯರನ್ನು ಕೂರಿಸಿದ್ದರೆ ರದ್ದಾದದ್ದು ಹುದ್ದೆಯಲ್ಲ.

ಶಿಕ್ಷೆಗೂ ಒಂದು ತಳ ಇದೆ. ನೇರ ನೇಮಕಾತಿಯಿಂದ ಬಂದ ಹುದ್ದೆಗಿಂತಲೂ ಕೆಳಗೆ ನೌಕರನನ್ನು ತಳ್ಳುವಂತಿಲ್ಲ ಎಂದು 1988ರಲ್ಲಿ ನ್ಯಾದರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ 311ನೇ ವಿಧಿ ಖಾಸಗಿ ಕಂಪನಿಯವರಿಗೂ, ನಿಗಮ ಮಂಡಳಿಗಳ ನೌಕರರಿಗೂ ಅನ್ವಯಿಸುವುದಿಲ್ಲ. ಅವರ ರಕ್ಷಣೆ ಬೇರೆ ಕಾನೂನು, ಸೇವಾ ನಿಯಮಗಳಲ್ಲಿದೆ.

ಇಂಥ ಆದೇಶ ಕೈಗೆ ಬಂದರೆ ತಲುಪಿದ ದಿನಾಂಕ ಬರೆದಿಟ್ಟುಕೊಳ್ಳಿ. ಜ್ಯೇಷ್ಠತಾ ಪಟ್ಟಿ, ಬಡ್ತಿ ಆದೇಶ, ಹಿಂದಿನ ತಿಂಗಳ ವೇತನ ಚೀಟಿ ಒಟ್ಟುಗೂಡಿಸಿ. ಮೊದಲು ಇಲಾಖೆಗೆ ಮೇಲ್ಮನವಿ. ಅಲ್ಲಿ ತಿರಸ್ಕಾರವಾದರೆ ಒಂದು ವರ್ಷದೊಳಗೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಆರು ತಿಂಗಳಾದರೂ ಇಲಾಖೆ ಉತ್ತರಿಸದಿದ್ದರೆ, ಆ ಆರು ತಿಂಗಳು ಮುಗಿದ ದಿನದಿಂದಲೇ ಒಂದು ವರ್ಷದ ಲೆಕ್ಕ ಶುರುವಾಗುತ್ತದೆ.