ಅಡಿಕೆ ತೋಟದ ನೆರಳು ಅರೇಬಿಕಾ ಕಾಫಿಗೆ ಸಾಕಾ?

ನಮಸ್ಕಾರ. ನಮ್ಮ ತುಮಕೂರು ಕಡೆ, ಅದರಲ್ಲೂ ಗುಬ್ಬಿ, ತುರುವೇಕೆರೆ, ತಿಪಟೂರು ಸುತ್ತಮುತ್ತ, ಅಡಿಕೆ ತೋಟ ಇರುವವರು ಈಗ ಪದೇ ಪದೇ ಕೇಳುವ ಮಾತು ಒಂದಿದೆ. ಮರಗಳ ಮಧ್ಯೆ ಜಾಗ ಖಾಲಿ ಬಿದ್ದಿದೆ, ಡ್ರಿಪ್ ಇದೆ, ನೆರಳೂ ಇದೆ. ಕಾಫಿ ಹಾಕಬಹುದಾ? ಸಸಿ ಮಾರುವವರು ಧಾರಾಳವಾಗಿ ಹಾಕಿ ಅನ್ನುತ್ತಾರೆ. ನಾನು ಹೇಳುವುದು ಬೇರೆ. ಬರೀ ಅಡಿಕೆಯನ್ನು ನಂಬಿಕೊಂಡು ಬಯಲುಸೀಮೆಯಲ್ಲಿ ಅರೇಬಿಕಾ ಹಾಕಬೇಡಿ. ಕಾಫಿ ಕೇಳುವ ನೆರಳು ಅಡಿಕೆ ಕೊಡುವ ನೆರಳಲ್ಲ. ಯಾಕೆ ಅಂತ ಇವತ್ತು ಬಿಡಿಸಿ ಹೇಳುತ್ತೇನೆ.

ನಮ್ಮ ದೊಡ್ಡಪ್ಪನ ಮಗನ ತೋಟ ಗುಬ್ಬಿ ಹತ್ತಿರ ಇದೆ. ಒಂದು ಎಕರೆ ಅಡಿಕೆ, ಒಂಬತ್ತು ಅಡಿಗೆ ಒಂದು ಮರ. ನಾಲ್ಕು ಮರಗಳ ನಡುವೆ ಒಂದೊಂದು ಅರೇಬಿಕಾ ಗಿಡ ಹಾಕಿದ್ದರು. ಮೊದಲ ಮೂರು ವರ್ಷ ಗಿಡಗಳು ನೋಡೋಕೆ ಎಷ್ಟು ಚೆನ್ನಾಗಿದ್ದವು ಅಂದರೆ, ಬಂದವರೆಲ್ಲ ಫೋಟೋ ತೆಗೆದುಕೊಂಡು ಹೋಗುತ್ತಿದ್ದರು. ಆಮೇಲೆ ಪಡುವಣ ಅಂಚಿನ ಸಾಲುಗಳಲ್ಲಿ ಅಲ್ಲೊಂದು ಇಲ್ಲೊಂದು ಗಿಡದ ಎಲೆ ಹಳದಿಯಾಯಿತು. ಜೋತು ಬಿತ್ತು. ಅಣ್ಣ ನೀರು ಜಾಸ್ತಿ ಬಿಟ್ಟರು, ಗೊಬ್ಬರ ಹಾಕಿದರು. ಏನೂ ಪ್ರಯೋಜನ ಆಗಲಿಲ್ಲ.

ನಾನು ಹೋದಾಗ ಎಲೆ ಬಿಟ್ಟು ಕಾಂಡಕ್ಕೆ ಕೈ ಹಾಕಿದೆ. ಬುಡದಿಂದ ಒಂದೂವರೆ ಅಡಿ ಮೇಲೆ ತೊಗಟೆ ಮೇಲೆ ಉಬ್ಬಿದ ಗೆರೆಗಳು. ನರ ಉಬ್ಬಿದ ಹಾಗೆ ಬೆರಳಿಗೆ ಸಿಗುತ್ತಿದ್ದವು. ಒಂದು ಗಿಡ ಕಡಿದು ಕಾಂಡವನ್ನು ಉದ್ದಕ್ಕೆ ಸೀಳಿದೆವು. ಒಳಗೆ ಸುರಂಗ. ಸುರಂಗದ ತುಂಬ ಮರದ ಪುಡಿ, ಚೂರೂ ಸಂದಿಲ್ಲದಂತೆ ಗಟ್ಟಿಯಾಗಿ ತುಂಬಿತ್ತು. ಅದರ ತುದಿಯಲ್ಲಿ ಹಳದಿ ಬಿಳುಪಿನ ಒಂದು ಹುಳ.

"ಇದೇನೋ ಇದು? ಗೆದ್ದಲಾ?" ಅಂದರು ಅಣ್ಣ.

"ಅಲ್ಲಣ್ಣ, ಬಿಳಿ ಕಾಂಡಕೊರಕ" ಅಂದೆ.

ಚಿಕ್ಕಮಗಳೂರು, ಕೊಡಗಿನ ಅರೇಬಿಕಾ ಬೆಳೆಗಾರರಿಗೆ ಈ ಹೆಸರು ಕೇಳಿದರೆ ನಿದ್ದೆ ಬರುವುದಿಲ್ಲ. ರೆಕ್ಕೆ ಮೇಲೆ ಬಿಳಿ ಪಟ್ಟೆ ಇರುವ ಸಣ್ಣ ಕಪ್ಪು ದುಂಬಿ ಇದು. ವರ್ಷಕ್ಕೆ ಎರಡು ಸಲ ಹೊರಗೆ ಬರುತ್ತದೆ. ಏಪ್ರಿಲ್-ಮೇನಲ್ಲಿ ಒಂದು ಸಲ, ಮಳೆ ಕಳೆದ ಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್ ತನಕ ಇನ್ನೊಂದು ಸಲ. ಹೆಣ್ಣು ದುಂಬಿ ಕಾಂಡದ ತೊಗಟೆಯ ಸಂದಿಯಲ್ಲಿ ಮೊಟ್ಟೆ ಇಡುತ್ತದೆ. ಸುಮಾರು ಹತ್ತು ದಿನಕ್ಕೆ ಮರಿ ಹೊರಬಂದು ಮೊದಲು ತೊಗಟೆಯ ಅಡಿಯಲ್ಲೇ ತಿನ್ನುತ್ತದೆ. ಬೆರಳಿಗೆ ಸಿಕ್ಕ ಆ ಗೆರೆಗಳು ಅದೇ. ಆಮೇಲೆ ಗಟ್ಟಿ ಮರದೊಳಗೆ ಹೋಗಿ ಒಂಬತ್ತು ಹತ್ತು ತಿಂಗಳು ಅಲ್ಲೇ ಇರುತ್ತದೆ. ಹಳೆಯ ಗಿಡ ಕೆಲವು ವರ್ಷ ತಡೆದುಕೊಳ್ಳಬಹುದು. ಎಳೆಯ ಗಿಡ ಒಂದೇ ವರ್ಷಕ್ಕೆ ಹೋಗುತ್ತದೆ.

ನೆರಳಿಗೂ ಇದಕ್ಕೂ ಏನು ಸಂಬಂಧ ಅಂತೀರಾ? ಈ ದುಂಬಿಗೆ ಬಿಸಿಲು ಬೇಕು. ಬಿಸಿಲು ಚೆನ್ನಾಗಿ ಕಾಯ್ದ ಹೊತ್ತಲ್ಲೇ ಅದು ಚುರುಕಾಗಿ ಓಡಾಡುವುದು. ಬಿಸಿಲು ಬಿದ್ದು ಬೆಚ್ಚಗಾದ ಕಾಂಡವನ್ನೇ ಹುಡುಕಿ ಮೊಟ್ಟೆ ಇಡುವುದು. ಹಾಗಾಗಿ ಕಾಫಿಗೆ ನೆರಳು ಅಂದಾಗ ತಲೆಯ ಮೇಲಿನ ಎಲೆಗೆ ಮಾತ್ರ ನೆರಳಿದ್ದರೆ ಸಾಲದು. ಕಾಂಡಕ್ಕೆ ನೆರಳು ಬೇಕು. ಅದೂ ಈ ದುಂಬಿ ಹಾರುವ ತಿಂಗಳುಗಳಲ್ಲೇ ಬೇಕು.

ಇದು ಹೊಸ ಸಂಗತಿಯೇನಲ್ಲ. 1860ರ ದಶಕದಲ್ಲಿ ಕೊಡಗಿನಲ್ಲಿ ಕಾಡಿನ ಮರವನ್ನೆಲ್ಲ ಕಡಿದು ಬಯಲಲ್ಲಿ ಕಾಫಿ ಹಾಕಿದ ಎಸ್ಟೇಟುಗಳು ಈ ಹುಳದಿಂದ ನಾಶವಾದವು. ಮದ್ರಾಸ್ ಸರ್ಕಾರ ಜಾರ್ಜ್ ಬಿಡಿ ಎಂಬ ವೈದ್ಯರನ್ನು ಪರಿಶೀಲನೆಗೆ ಕಳಿಸಿತು. ನೆರಳು ಇಲ್ಲದಿರುವುದೂ ಬರಗಾಲವೂ ಸೇರಿ ಹೀಗಾಗಿದೆ ಅಂತ ಅವರು ವರದಿ ಕೊಟ್ಟರು. ಕರ್ನಾಟಕದ ಕಾಫಿ ಇವತ್ತಿಗೂ ಮರದ ಕೆಳಗೆ ಬೆಳೆಯುವುದಕ್ಕೆ ಆ ಪೆಟ್ಟೂ ಒಂದು ಕಾರಣ.

ಈಗ ಅಡಿಕೆಗೆ ಬರೋಣ. ಮಲೆನಾಡಿನ ಕಾಫಿ ತೋಟದಲ್ಲಿ ನೆರಳು ಎರಡು ಅಂತಸ್ತಿನಲ್ಲಿ ಇರುತ್ತದೆ. ಮೇಲೆ ಅತ್ತಿ, ಗೋಣಿ, ಹಲಸು, ನಂದಿಯಂಥ ದೊಡ್ಡ ಮರಗಳು. ಅವುಗಳ ಕೆಳಗೆ, ಕಾಫಿಯ ನೆತ್ತಿಯ ಮೇಲೆ, ಹಾಲುವಾಣ. ಮಳೆ ಹಿಡಿಯುವ ಹೊತ್ತಿಗೆ ಹಾಲುವಾಣದ ಕೊಂಬೆ ಕಡಿಯುತ್ತಾರೆ. ಆ ಕಡೆ ಮರಗಸಿ ಅನ್ನುತ್ತಾರೆ. ಮೋಡದ ದಿನಗಳಲ್ಲಿ ಗಿಡಕ್ಕೆ ಬೆಳಕು ಸಿಗಬೇಕು, ಗಾಳಿ ಆಡಬೇಕು. ಇಲ್ಲದಿದ್ದರೆ ಕೊಳೆರೋಗ ಬರುತ್ತದೆ. ಬೇಸಿಗೆ ಬರುವಷ್ಟರಲ್ಲಿ ಹಾಲುವಾಣ ಮತ್ತೆ ಚಿಗುರಿ ನೆರಳು ಕಟ್ಟಿರುತ್ತದೆ. ಅಂದರೆ ಅಲ್ಲಿನ ನೆರಳನ್ನು ಕಾಲಕ್ಕೆ ತಕ್ಕಂತೆ ತೆರೆಯಬಹುದು, ಮುಚ್ಚಬಹುದು.

ಅಡಿಕೆಯಲ್ಲಿ ಅದು ಸಾಧ್ಯವಿಲ್ಲ. ಮೂವತ್ತು ನಲವತ್ತು ಅಡಿ ಎತ್ತರದಲ್ಲಿ ಸೋಗೆಯ ಗೊಂಚಲು. ಅದರ ಕೆಳಗೆ ಬರೀ ಕಂಬ. ವರ್ಷವಿಡೀ ಅಷ್ಟೇ ನೆರಳು. ಮಳೆಗಾಲದಲ್ಲಿ ಕಮ್ಮಿ ಮಾಡೋಕಾಗಲ್ಲ, ಏಪ್ರಿಲ್‌ನಲ್ಲಿ ಜಾಸ್ತಿ ಮಾಡೋಕಾಗಲ್ಲ. ನಡು ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿದ್ದಾಗ ತೋಟ ತಂಪಾಗಿ ಕಾಣುತ್ತದೆ, ನಿಜ. ಮೂರು ಗಂಟೆ ದಾಟಲಿ. ಬಿಸಿಲು ಪಕ್ಕದಿಂದ, ಕಂಬಗಳ ನಡುವಿನಿಂದ ಓರೆಯಾಗಿ ನುಗ್ಗಿ ನೇರ ಕಾಫಿ ಕಾಂಡಕ್ಕೆ ಬಡಿಯುತ್ತದೆ. ಅಣ್ಣನ ತೋಟದಲ್ಲಿ ಪಡುವಣ ಸಾಲುಗಳೇ ಮೊದಲು ಹಾಳಾಗಿದ್ದು ಸುಮ್ನೆ ಅಲ್ಲ. ಆ ಬದಿಯಲ್ಲಿ ಒಂದು ಬೇಲಿ ಮರವೂ ಇರಲಿಲ್ಲ.

ಜೊತೆಗೆ ನಮ್ಮ ಹವೆ. ಅರೇಬಿಕಾಕ್ಕೆ ಹಿತವಾದ ಸರಾಸರಿ ಉಷ್ಣಾಂಶ 15ರಿಂದ 25 ಡಿಗ್ರಿ. ನಮ್ಮಲ್ಲಿ ಏಪ್ರಿಲ್‌ನಲ್ಲಿ ಮಧ್ಯಾಹ್ನ 35 ದಾಟುತ್ತದೆ. ಒಳ್ಳೆಯ ನೆರಳು ಹಗಲಿನ ಬಿಸಿಯನ್ನು ಕೆಲವು ಡಿಗ್ರಿ ಇಳಿಸುತ್ತದೆ, ಒಣಗಾಳಿಯನ್ನು ತಡೆಯುತ್ತದೆ, ರಾತ್ರಿಯ ಚಳಿಯನ್ನೂ ಸ್ವಲ್ಪ ತಗ್ಗಿಸುತ್ತದೆ. ಮಲೆನಾಡಿನಲ್ಲಿ ಆ ಕೆಲವು ಡಿಗ್ರಿಯೇ ಸಾಕು. ಇಲ್ಲಿ ಅದು ಬರೀ ಆರಂಭ.

ಹಾಗಂತ ಕತ್ತಲೆ ಮಾಡಿಬಿಟ್ಟರೆ ಆಯ್ತಾ? ಅದೂ ಆಗಲ್ಲ. ನೆರಳು ಅತಿಯಾದರೆ ಗಿಡ ಬೆಳಕು ಹುಡುಕಿಕೊಂಡು ಉದ್ದುದ್ದ ಬೆಳೆಯುತ್ತದೆ. ಗೆಣ್ಣಿನಿಂದ ಗೆಣ್ಣಿಗೆ ಅಂತರ ಜಾಸ್ತಿಯಾಗುತ್ತದೆ, ಹೂಮೊಗ್ಗು ಕಮ್ಮಿಯಾಗುತ್ತದೆ, ಇಳುವರಿ ಬೀಳುತ್ತದೆ. ಪೂರ್ತಿ ಬಿಸಿಲಲ್ಲಿಟ್ಟರೆ ಒಂದು ವರ್ಷ ಕೊಂಬೆ ಬಾಗುವಷ್ಟು ಕಾಯಿ ಬಿಟ್ಟು, ಮರುವರ್ಷ ಕೊಂಬೆಗಳೇ ತುದಿಯಿಂದ ಒಣಗುತ್ತವೆ. ನೆರಳು ಒಳ್ಳೇ ವರ್ಷದ ಇಳುವರಿಯಲ್ಲಿ ಸ್ವಲ್ಪ ಕಿತ್ತುಕೊಳ್ಳುತ್ತದೆ. ಗಿಡ ಹತ್ತಾರು ವರ್ಷ ಬಾಳಬೇಕು ಅನ್ನುವವರಿಗೆ ಆ ನಷ್ಟ ಒಪ್ಪಿಕೊಳ್ಳುವಂಥದ್ದೇ ಅನ್ನುವುದು ನನ್ನ ಅಭಿಪ್ರಾಯ.

ಇಳುವರಿ ವಿಷಯದಲ್ಲಿ ಇನ್ನೊಂದು ತೊಡಕಿದೆ. ಅದನ್ನು ಯಾರೂ ಹೇಳುವುದಿಲ್ಲ. ಕಾಫಿ ಮೊಗ್ಗು ಬೇಸಿಗೆಯಲ್ಲಿ ಒಂದಷ್ಟು ಒಣಗಿ ಕಾಯಬೇಕು. ಆಮೇಲೆ ಫೆಬ್ರವರಿ-ಮಾರ್ಚ್‌ನಲ್ಲಿ ಒಂದು ಹದವಾದ ಹೂಮಳೆ ಬಿದ್ದರೆ, ಎಂಟು ಹತ್ತು ದಿನಕ್ಕೆ ಇಡೀ ತೋಟ ಒಟ್ಟಿಗೆ ಹೂ ಬಿಡುತ್ತದೆ. ಒಟ್ಟಿಗೆ ಹೂ ಬಿಟ್ಟರೆ ಹೆಚ್ಚು ಕಡಿಮೆ ಒಟ್ಟಿಗೆ ಹಣ್ಣಾಗುತ್ತದೆ. ಆದರೆ ನಮ್ಮಲ್ಲಿ ಅಡಿಕೆಗೆ ಬೇಸಿಗೆಯಿಡೀ ಡ್ರಿಪ್ ಓಡುತ್ತಿರುತ್ತದೆ. ಅದನ್ನು ನಿಲ್ಲಿಸಿದರೆ ಅಡಿಕೆ ಹರಳು ಉದುರುತ್ತದೆ. ಓಡಿಸುತ್ತಲೇ ಇದ್ದರೆ ಕಾಫಿಗೆ ಆ ಒಣಗುವ ಕಾಲ ಸಿಗುವುದಿಲ್ಲ. ಹೂ ಕಂತು ಕಂತಾಗಿ ಬರುತ್ತದೆ. ಹಣ್ಣೂ ಹಾಗೇ. ಒಂದೇ ಗಿಡದಲ್ಲಿ ಕೆಂಪು ಹಣ್ಣು, ಹಸಿರು ಕಾಯಿ, ಹೊಸ ಹೂ. ಕೂಲಿಯವರನ್ನು ಎಷ್ಟು ಸಲ ಕರೆಯುತ್ತೀರಿ? ಅಕಾಲದಲ್ಲಿ ಉಳಿದ ಕಾಯಿಯಲ್ಲಿ ಕಾಯಿಕೊರಕ ಬೇರೆ ಸೇರಿಕೊಳ್ಳುತ್ತದೆ. ಅದು ಕಾಂಡಕೊರಕಕ್ಕೆ ಪೂರ್ತಿ ಉಲ್ಟಾ, ಅದಕ್ಕೆ ದಟ್ಟ ನೆರಳು, ತೇವ ಅಂದರೆ ಹಬ್ಬ. ಕಾಫಿ ಹನಿಗಳಿಗೆ ಬೇರೆ ವಾಲ್ವ್ ಇಟ್ಟು, ಕೊಯ್ಲಾದ ಮೇಲೆ ಆ ಲೈನ್ ಮಾತ್ರ ಕೆಲವು ವಾರ ಮುಚ್ಚಿದರೆ ಸ್ವಲ್ಪ ಪರಿಹಾರ ಸಿಗುತ್ತದೆ. ಬೇರುಗಳು ಒಂದರೊಳಗೊಂದು ಹೆಣೆದುಕೊಂಡ ಹಳೇ ತೋಟದಲ್ಲಿ ಅದೂ ಕಷ್ಟ.

ಹಾಗಾದರೆ ಏನು ಮಾಡೋದು? ಇನ್ನೂ ಸಸಿ ತಂದಿಲ್ಲದವರು ಮೊದಲು ರೋಬಸ್ಟಾ ಯೋಚಿಸಿ. ತುಮಕೂರು ಸಮುದ್ರಮಟ್ಟದಿಂದ ಎಂಟುನೂರು ಮೀಟರ್ ಚಿಲ್ಲರೆ ಎತ್ತರದಲ್ಲಿದೆ, ಬಿಸಿಯೂ ಜಾಸ್ತಿ. ರೋಬಸ್ಟಾ ಇದಕ್ಕೆ ಹತ್ತಿರ, ಮತ್ತು ಬಿಳಿ ಕಾಂಡಕೊರಕದ ಕಾಟ ಅದಕ್ಕೆ ಇಲ್ಲವೆನ್ನುವಷ್ಟು ಕಮ್ಮಿ. ಆದರೆ ಅದಕ್ಕೆ ನೀರು ಬೇಕು. ಹೂವಿಗೂ ಆಮೇಲೆ ಕಾಯಿ ಕಚ್ಚುವುದಕ್ಕೂ ಸ್ಪ್ರಿಂಕ್ಲರ್‌ನಲ್ಲಿ ನೀರು ಕೊಡಬೇಕಾಗುತ್ತದೆ. ಬೋರ್‌ವೆಲ್ ಬೇಸಿಗೆಯಲ್ಲಿ ಕೈಕೊಡುವ ಜಾಗದಲ್ಲಿ ಎರಡೂ ಬೇಡ.

ಅರೇಬಿಕಾ ಈಗಾಗಲೇ ಹಾಕಿದ್ದೀರಾ? ಏಪ್ರಿಲ್‌ನಲ್ಲಿ ಒಂದು ದಿನ ಮಧ್ಯಾಹ್ನ ಮೂರೂವರೆಗೆ ತೋಟದೊಳಗೆ ಹೋಗಿ. ಎಲೆ ನೋಡಬೇಡಿ, ಕಾಂಡ ನೋಡಿ. ಕಾಂಡದ ಮೇಲೆ ಬಿಸಿಲು ನಿಂತಿದ್ದರೆ ಅಲ್ಲಿ ನೆರಳು ಸಾಲದು. ಆ ಸಾಲುಗಳಲ್ಲಿ, ಮುಖ್ಯವಾಗಿ ಪಡುವಣ ಅಂಚಿನಲ್ಲಿ, ಜೂನ್‌ನಲ್ಲಿ ಹಾಲುವಾಣದ ಆರಡಿ ಗೂಟ ನೆಡಿ. ನಮ್ಮ ಎಲೆತೋಟದವರಿಗೆ ಈ ಮರ ಹೊಸದಲ್ಲ, ವೀಳ್ಯದೆಲೆ ಬಳ್ಳಿ ಹಬ್ಬಿಸೋಕೆ ನೆಡುತ್ತಾ ಬಂದಿದ್ದಾರೆ. ಇತ್ತೀಚೆಗೆ ಅದರ ಎಲೆಗೆ ಗಂಟು ಬರಿಸುವ ಒಂದು ಸಣ್ಣ ಕಣಜ ಬಂದಿದೆ. ಹಾಗಾಗಿ ಬರೀ ಹಾಲುವಾಣ ಬೇಡ, ನಡುನಡುವೆ ಸಿಲ್ವರ್ ಓಕ್ ಕೂಡ ಇರಲಿ.

ನೆರಳು ಬೆಳೆಯುವ ತನಕ ಕಾಂಡವನ್ನು ನೀವೇ ಕಾಯಬೇಕು. ಮಾರ್ಚ್‌ನಲ್ಲಿ, ಸೆಪ್ಟೆಂಬರ್‌ನಲ್ಲಿ, ಅಂದರೆ ದುಂಬಿ ಹೊರಬರುವ ಮೊದಲು, ಒಂದೊಂದು ಗಿಡವನ್ನೂ ಕೈಯಿಂದ ತಡವಿ ನೋಡಿ. ಉಬ್ಬುಗೆರೆ ಸಿಕ್ಕ ಗಿಡವನ್ನು ಬೇರುಸಮೇತ ಕಿತ್ತು ಸುಡಿ. ಮಿಕ್ಕ ಗಿಡಗಳ ಒರಟು ತೊಗಟೆಯನ್ನು ತೆಂಗಿನ ನಾರಿನಿಂದ ಉಜ್ಜಿ ತೆಗೆಯಿರಿ, ಮೊಟ್ಟೆ ಇಡುವ ಸಂದಿ ಕಮ್ಮಿಯಾಗುತ್ತದೆ. ಹಸಿರು ತೊಗಟೆ ಕಾಣುವಷ್ಟು ಕೆರೆಯಬೇಡಿ. ಆಮೇಲೆ 200 ಲೀಟರ್ ನೀರಿಗೆ 20 ಕೆಜಿ ಸುಣ್ಣ ಕಲಸಿ, ಸ್ವಲ್ಪ ಅಂಟು ಸೇರಿಸಿ, ಕಾಂಡಕ್ಕೂ ದಪ್ಪ ಕೊಂಬೆಗಳಿಗೂ ಹೊಡೆಯಿರಿ.

ಸುಡಿ ಅಂದಿದ್ದನ್ನು ಮತ್ತೆ ಒತ್ತಿ ಹೇಳುತ್ತೇನೆ. ಅಣ್ಣನ ಮನೆಯಲ್ಲಿ ಕಿತ್ತ ಗಿಡಗಳನ್ನು ಸೌದೆಗೆ ಆಗುತ್ತೆ ಅಂತ ತೋಟದ ಬೇಲಿ ಪಕ್ಕದಲ್ಲೇ ಒಟ್ಟಿದ್ದರು. ಗಿಡ ಸತ್ತರೂ ಒಳಗಿನ ಹುಳ ಸಾಯುವುದಿಲ್ಲ. ಅದು ಆ ಸೌದೆಯೊಳಗೇ ಬೆಳೆದು, ದುಂಬಿಯಾಗಿ, ಹೊರಬಂದು ಪಕ್ಕದ ಗಿಡಕ್ಕೆ ಹಾರುತ್ತದೆ. ತಕ್ಷಣ ಸುಡೋಕಾಗದಿದ್ದರೆ ಕಾಂಡಗಳನ್ನು ಹೊಂಡದ ನೀರಿನಲ್ಲಿ ಪೂರ್ತಿ ಮುಳುಗಿಸಿ, ಮೇಲೆ ಕಲ್ಲು ಹೇರಿ, ವಾರ ಹತ್ತು ದಿನ ಬಿಡಿ. ಆಮೇಲೆ ಒಣಗಿಸಿ ಒಲೆಗೆ ಹಾಕಿಕೊಳ್ಳಿ.