ನಗದಿನಲ್ಲಿ ಕಳೆದ ದಿನಗಳಿಗೆ ಲೆಕ್ಕ ಕಟ್ಟುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಕೆಲವು ದಿನ ಇಂಡೆಕ್ಸಿನಲ್ಲಿ, ಉಳಿದ ದಿನ ನಗದಿನಲ್ಲಿ ಇರುವ, ಶಾರ್ಟ್ ಮಾಡದ ಒಂದು ಲಾಂಗ್-ಓನ್ಲಿ ತಂತ್ರವನ್ನು ತೆಗೆದುಕೊಳ್ಳೋಣ. ಅಂಕಿಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು. ಇಂಡೆಕ್ಸ್ ವರ್ಷಕ್ಕೆ ಸರಾಸರಿ 10% ಕೊಟ್ಟಿದೆ, ನಗದಿಗೆ 4% ಬಡ್ಡಿ. ತಂತ್ರ 60% ದಿನ ಮಾರುಕಟ್ಟೆಯಲ್ಲಿದ್ದು, ಖರ್ಚು ಕಳೆಯುವ ಮೊದಲು 8.5% ಗಳಿಸಿದೆ. ಇವೆಲ್ಲ ಸಾದಾ ಸರಾಸರಿಗಳು. ಚಕ್ರಬಡ್ಡಿ ದರಗಳನ್ನು ಹೀಗೆ ಪಾಲು ಹಾಕಿ ಕೂಡಲು ಬರುವುದಿಲ್ಲ.

8.5 ಅನ್ನು 10ರ ಪಕ್ಕ ಇಟ್ಟರೆ ತಂತ್ರ ಸೋತಿತು ಅನ್ನಿಸುತ್ತದೆ. ಆಗ ಬಹಳ ಜನ ಮಾಡುವ ಲೆಕ್ಕ ಒಂದಿದೆ: 8.5 ಅನ್ನು 0.6ರಿಂದ ಭಾಗಿಸಿ, 14.2% ಎಂದು ಹಿಗ್ಗುವುದು. ಇದರಲ್ಲಿ ನಗದಿನ ಬಡ್ಡಿಯೂ ಷೇರಿನ ಗಳಿಕೆಯ ವೇಷ ಹಾಕಿ ಕೂತಿದೆ. ಉಳಿದ 40% ದಿನಗಳಲ್ಲೂ ಅದೇ ದರ ಸಿಗುತ್ತಿತ್ತು ಎಂಬ ಊಹೆಯೂ ಸೇರಿಕೊಂಡಿದೆ. ತಂತ್ರ ಹೊರಗೆ ಕೂತದ್ದೇ ಆ ದಿನಗಳು ಬೇಡ ಎಂದು!

ಸರಿಯಾದ ಎದುರಾಳಿ ಬೇರೆ. ಯಾವ ಜಾಣತನವೂ ಇಲ್ಲದೆ ಸದಾ 60% ಇಂಡೆಕ್ಸ್, 40% ನಗದು ಇಟ್ಟುಕೊಂಡವರು ಎಷ್ಟು ಗಳಿಸುತ್ತಿದ್ದರು? 6 ಮತ್ತು 1.6 ಕೂಡಿದರೆ 7.6%. ಹಾಗಾಗಿ ಸಮಯ ನೋಡಿ ಒಳಹೊರಗೆ ಹೋದದ್ದರ ಫಲ 0.9%. ಪೈಥಾನ್‌ನಲ್ಲಿ, ದಿನದ ಗಳಿಕೆಗಳ ಮೇಲೆ:

```python
w = signal.shift(1).fillna(0)
strat = w*idx + (1-w)*cash
bench = w.mean()*idx + (1-w.mean())*cash
```

ಮೊದಲ ಸಾಲಿನ `shift(1)` ಬಿಟ್ಟರೆ, ಇವತ್ತಿನ ಮುಕ್ತಾಯದ ಬೆಲೆ ನೋಡಿ ಇವತ್ತಿನದೇ ಲಾಭ ಪಡೆದಂತಾಗುತ್ತದೆ. `idx` ಡಿವಿಡೆಂಡ್ ಸೇರಿಸಿದ ಸರಣಿಯಾಗಿರಬೇಕು. ಇನ್ನು ನಗದಿಗೆ ಬಡ್ಡಿ ಕೊಡದ ಬ್ಯಾಕ್‌ಟೆಸ್ಟ್ ಆದರೆ ತಂತ್ರ ತೋರಿಸುವುದು 6.9% ಮಾತ್ರ, ಅದನ್ನು ಬಡ್ಡಿ ಸೇರಿದ 7.6ರ ಜೊತೆ ಹೋಲಿಸಿದರೆ ಗೆದ್ದದ್ದೂ ಸೋತಂತೆ ಕಾಣುತ್ತದೆ.

ಇದೇ ಅಂಕಿಗಳಿಂದ ಇನ್ನೊಂದು ಸಂಗತಿ ಹೊರಡುತ್ತದೆ. ಇಂಡೆಕ್ಸಿನ 10ರಲ್ಲಿ 6.9 ತಂತ್ರ ಒಳಗಿದ್ದ ದಿನಗಳದ್ದು, ಉಳಿದ 3.1 ಹೊರಗಿದ್ದ ದಿನಗಳದ್ದು. 3.1 ಅನ್ನು 0.4ರಿಂದ ಭಾಗಿಸಿ: ತಂತ್ರ ದೂರವಿದ್ದಾಗಲೂ ಇಂಡೆಕ್ಸ್ ವಾರ್ಷಿಕ 7.75% ದರದಲ್ಲಿ ಏರುತ್ತಿತ್ತು, ನಗದು 4ರಲ್ಲಿತ್ತು. ಅಂದರೆ ಸರಾಸರಿಗಿಂತ ಮಂದವಾದ ದಿನಗಳನ್ನು ತಂತ್ರ ಗುರುತಿಸಿದೆ, ನಷ್ಟದ ದಿನಗಳನ್ನಲ್ಲ. ಬರೀ ಗಳಿಕೆ ನೋಡುವವರಿಗೆ ಹೊರಗೆ ಹೋದದ್ದೇ ದಂಡ. ಅದರಿಂದ ಅಪಾಯ ಎಷ್ಟು ಇಳಿಯಿತು ಎಂದು ನೋಡಿದರೆ ಮಾತ್ರ ವಾದಕ್ಕೆ ಜಾಗ ಉಂಟು.

ಎಡವುವುದು ಹೆಚ್ಚಾಗಿ ಇಲ್ಲೇ. ಇಂಡೆಕ್ಸಿನ ವಾರ್ಷಿಕ ಏರಿಳಿತ 18% ಎನ್ನಿ. ಸದಾ 60% ಇಟ್ಟುಕೊಂಡ ಮಿಶ್ರಣದ ಏರಿಳಿತ 10.8%. ಆದರೆ ದಿನಗಳನ್ನು ಕುರುಡಾಗಿ ಆರಿಸಿ, 60% ದಿನ ಪೂರ್ತಿ ಹಣ ಹಾಕುವವರ ಏರಿಳಿತ 18ರ 0.6 ಪಟ್ಟಲ್ಲ, 0.6ರ ವರ್ಗಮೂಲದಷ್ಟು ಪಟ್ಟು: ಸುಮಾರು 13.9%. ಸರಾಸರಿ ಪಾಲು ಒಂದೇ ಆದರೂ, ಹಣವೆಲ್ಲ ಕೆಲವೇ ದಿನಗಳಲ್ಲಿ ಒಟ್ಟಾಗಿ ನಿಂತಿರುವುದರಿಂದ ಅಪಾಯ ಹೆಚ್ಚು.

ನಮ್ಮ ತಂತ್ರದ ಏರಿಳಿತ ಅಳೆದಾಗ 12.5% ಬಂತು ಎಂದುಕೊಳ್ಳಿ. 13.9ಕ್ಕಿಂತ ಕಡಿಮೆ, ಹಾಗಾಗಿ ಕೆಲವು ಒರಟು ದಿನಗಳನ್ನು ತಪ್ಪಿಸಿಕೊಂಡಿದೆ. ಆದರೂ 10.8ಕ್ಕಿಂತ ಜಾಸ್ತಿ. ಅಷ್ಟೇ ಅಪಾಯಕ್ಕೆ ಒಪ್ಪುವವರು ಇಂಡೆಕ್ಸಿನಲ್ಲಿ 12.5/18, ಅಂದರೆ 69% ಇಡಬಹುದಿತ್ತು. ಅದು ಸುಮಾರು 8.2% ಕೊಡುತ್ತಿತ್ತು. 0.9 ಈಗ 0.3ಕ್ಕೆ ಇಳಿಯಿತು. ಒಂದು ಬದಿಗೆ 0.1% ಖರ್ಚಿನಲ್ಲಿ ವರ್ಷಕ್ಕೆ ನಾಲ್ಕು ಸಲ ಒಳಗೆ ಬಂದು ಹೊರಗೆ ಹೋದರೆ 0.8% ಖಾಲಿ. ಪಾಲು ಸರಿದೂಗಿಸಿದ ಅಳತೆಯಲ್ಲಿ ಕೂದಲೆಳೆಯ ಗೆಲುವು, ಏರಿಳಿತ ಸರಿದೂಗಿಸಿದ ಅಳತೆಯಲ್ಲಿ ಸೋಲು. ಎರಡನ್ನೂ ವರದಿ ಮಾಡಬೇಕು. ಹಣ ಹಾಕುವವರಿಗೆ ನಾನು ಎರಡನೆಯದನ್ನೇ ಮೊದಲು ತೋರಿಸುತ್ತೇನೆ.

ಆ 0.9 ಬರೀ ಅದೃಷ್ಟವೇ ಎಂದು ನೋಡಲು, `w` ಸರಣಿಯನ್ನು ಇಡಿಯಾಗಿ ಯಾದೃಚ್ಛಿಕ ದಿನಗಳಷ್ಟು ಸರಿಸಿ, ತುದಿಯಿಂದ ಹೊರಬಿದ್ದದ್ದನ್ನು ಮೊದಲಿಗೆ ಜೋಡಿಸಿ, ಸಾವಿರ ಸಲ ಲೆಕ್ಕ ಹಾಕಿ. ದಿನಗಳನ್ನು ಬಿಡಿಬಿಡಿಯಾಗಿ ಕಲಸಬೇಡಿ. ವಾರಗಟ್ಟಲೆ ಒಳಗಿರುವ ಅಭ್ಯಾಸ ಒಡೆದುಹೋಗಿ ವಹಿವಾಟಿನ ಸಂಖ್ಯೆ ಹಾರುತ್ತದೆ. ಸರಿಸಿದರೆ ಪಾಲೂ ಹಾಗೇ, ಖರ್ಚೂ ಹೆಚ್ಚುಕಡಿಮೆ ಹಾಗೇ. ಬದಲಾಗುವುದು ಸಮಯ ಒಂದೇ. ಸಾವಿರದಲ್ಲಿ 180 ನಿಮ್ಮ ತಂತ್ರವನ್ನು ಮೀರಿದರೆ, ಆ 0.9 ಅನ್ನು ಕೌಶಲ ಎನ್ನಲು ಸಾಕ್ಷ್ಯ ಸಾಲದು. ಕೊನೆಗೆ, ಹೊರಗಿದ್ದ ಅವಧಿಗಳಲ್ಲಿ ಅತಿ ಹೆಚ್ಚು ನೆರವಾದ ಒಂದನ್ನು ತೆಗೆದು, ಅಷ್ಟು ದಿನ ಒಳಗೇ ಇದ್ದಂತೆ ಮಾಡಿ, `bench` ಸಮೇತ ಮತ್ತೆ ಲೆಕ್ಕ ಹಾಕಿ. ಹೆಚ್ಚುವರಿಯೆಲ್ಲ ಮಾಯವಾದರೆ ನಿಮ್ಮ ಕೈಯಲ್ಲಿರುವುದು ಹತ್ತು ವರ್ಷದ ದತ್ತಾಂಶವಲ್ಲ, ಒಂದೇ ಒಂದು ಕುಸಿತದ ದತ್ತಾಂಶ.