ಸೂರ್ಯೋದಯ ಬಿಟ್ಟು ಕೇದಾರ್‌ಕಾಂಠ ಹತ್ತೋಕೆ ಹೊರಟಿದ್ದೇವೆ, ಯಾಕೆ ಅಂತ ಹೇಳ್ತೀನಿ

ನಮಸ್ಕಾರ. ಹಿಂದೆ ಕಾಣ್ತಿರೋದು ಬಳ್ಳಾರಿ ಕೋಟೆ ಗುಡ್ಡ. ಸಂಜೆ ಆರಾಯ್ತು, ಮಾಳಿಗೆ ಇನ್ನೂ ಹಂಚಿನ ಹಾಗೆ ಕಾದಿದೆ. ಬ್ಯಾಗಿನಲ್ಲಿ ಮಾತ್ರ ಎರಡು ಉಣ್ಣೆ ಟೋಪಿ ಇವೆ. "ಇಲ್ಲಿ ಬೆವರು ಸುರೀತೈತಿ, ನೀ ಉಣ್ಣೆ ಟೊಪಿಗಿ ತುಂಬ್ಕೊಳ್ಳಾಕತ್ತಿ" ಅಂತ ಅಪ್ಪ ಬೆಳಿಗ್ಗೆಯಿಂದ ನಗ್ತಿದ್ದಾರೆ.

ನಾನು, ಕೊಪ್ಪಳದ ಮಾವನ ಮಗ, ಇಬ್ಬರೂ ಉತ್ತರಾಖಂಡದ ಕೇದಾರ್‌ಕಾಂಠಕ್ಕೆ ಹೊರಟಿದ್ದೇವೆ. ಮೇ ಮೊದಲ ವಾರ. ತುದಿ ಸುಮಾರು 3,800 ಮೀಟರ್ ಎತ್ತರ. ಟ್ರೆಕ್ ಶುರುವಾಗೋದು ಸಾಂಕ್ರಿ ಅನ್ನೋ ಹಳ್ಳಿಯಿಂದ, ಅದು ಹತ್ತಿರ ಹತ್ತಿರ 1,950 ಮೀಟರ್.

ಇಲ್ಲೇ ಮೊದಲ ಎಡವಟ್ಟು. ಮಾವನ ಮಗ ಫೋನಿನಲ್ಲಿ ಸಾಂಕ್ರಿ ಅಂತ ಹಾಕಿ ನೋಡಿದ. ರಾತ್ರಿ 10 ಡಿಗ್ರಿ. "ಅಷ್ಟೇನಾ, ಒಂದು ಸ್ವೆಟರ್ ಸಾಕು" ಅಂದ. ಆದರೆ ಆ 10 ಡಿಗ್ರಿ ಹಳ್ಳಿಯದ್ದು. ಪ್ರತಿ ನೂರು ಮೀಟರ್ ಮೇಲೆ ಹೋದಂಗೆ ಅಂದಾಜು 0.65 ಡಿಗ್ರಿ ಕಡಿಮೆ ಆಗುತ್ತೆ. ಹಳ್ಳಿಗೂ ತುದಿಗೂ 1,850 ಮೀಟರ್ ಅಂತರ, ಅಂದರೆ 12 ಡಿಗ್ರಿ. ತುದಿಯಲ್ಲಿ ಮೈನಸ್ 2. ಬೆಟ್ಟದ ಮುನ್ಸೂಚನೆಯಲ್ಲಿ ತುದಿ, ನಡುವೆ, ಬುಡ ಅಂತ ಎತ್ತರ ಆಯ್ಕೆ ಮಾಡೋಕೆ ಇರುತ್ತೆ. ಅದರಲ್ಲಿ ತುದಿ ಒತ್ತಿದಾಗ ಬಂದಿದ್ದು ಮೈನಸ್ 3. ನಮ್ಮ ಲೆಕ್ಕಕ್ಕೆ ಹತ್ತಿರಾನೇ ಬಂತು.

ಅದೇ ಪುಟದಲ್ಲಿ ಫ್ರೀಜಿಂಗ್ ಲೆವೆಲ್ ಅಂತ ಒಂದು ಸಾಲಿದೆ. ಗಾಳಿಯ ಉಷ್ಣತೆ ಸೊನ್ನೆಗೆ ಇಳಿಯೋ ಎತ್ತರ ಅದು. ನಾವು ಹತ್ತೋ ಬುಧವಾರಕ್ಕೆ ರಾತ್ರಿ 3,300, ಮಧ್ಯಾಹ್ನ 4,000 ಅಂತ ತೋರಿಸ್ತಿದೆ. ನಮ್ಮ ಕೊನೆ ಕ್ಯಾಂಪ್ 3,400ರಲ್ಲಿ. ಅಂದರೆ ರಾತ್ರಿ ಕ್ಯಾಂಪಿನಿಂದ ಮೇಲೆ ಉಳಿದಿರೋ ಹಿಮವೆಲ್ಲ ಕಲ್ಲಿನಂತೆ ಗಟ್ಟಿ. ಬೂಟಿಗೆ ಮುಳ್ಳಿನ ಸರಪಳಿ, ಅದೇ ಮೈಕ್ರೋಸ್ಪೈಕ್ಸ್, ಇಲ್ಲದಿದ್ದರೆ ಜಾರೋದು ಗ್ಯಾರಂಟಿ. ಮಧ್ಯಾಹ್ನದ ಹೊತ್ತಿಗೆ ಆ ಗೆರೆ ತುದಿಗಿಂತ ಮೇಲೆ ಹೋಗಿರುತ್ತೆ, ಹಿಮ ಮೆತ್ತಗಾಗಿ ಮೊಣಕಾಲವರೆಗೂ ಹುಗಿಯುತ್ತೆ. ಈ ಗೆರೆ ಕೆಳಗೆ ಹಿಮ ಬೀಳಲ್ಲ ಅಂತ ಮಾತ್ರ ಅಂದ್ಕೋಬೇಡಿ. ಬೀಳೋ ಹಿಮ ಕರಗೋಕೆ ಸ್ವಲ್ಪ ಹೊತ್ತು ಬೇಕು, ಹಾಗಾಗಿ ಗೆರೆಗಿಂತ ಇನ್ನೂರು ಮುನ್ನೂರು ಮೀಟರ್ ಕೆಳಗೂ ಬೀಳಬಹುದು.

ಇನ್ನು ಗುಡುಗು. ಇದನ್ನ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾ? ಬೇಸಿಗೆಯಲ್ಲಿ ಬೆಳಿಗ್ಗೆಯಿಂದ ಕಾದು ಕಾದು, ಸಂಜೆ ಗಾಳಿ ಎದ್ದು ಅಡ್ಡಮಳೆ ಆಲಿಕಲ್ಲು ಸುರಿಯೋದನ್ನ ನೋಡಿಯೇ ಬೆಳೆದವರು ನಾವು. ಅಲ್ಲೂ ಅದೇ ಕಥೆ, ಆದರೆ ಬೇಗ. ಬಿಸಿಲಿಗೆ ಬೆಟ್ಟದ ಇಳಿಜಾರು ಕಾಯುತ್ತೆ, ಕಣಿವೆಯ ಗಾಳಿ ಮೇಲಕ್ಕೆ ಏರುತ್ತೆ, ಮೋಡ ಮೊದಲು ಕಟ್ಟೋದೇ ತುದಿಯ ಮೇಲೆ. ಬುಧವಾರ ಮಧ್ಯಾಹ್ನ ಒಂದರ ನಂತರ ಗುಡುಗು ಅಂತಿದೆ. ಅದನ್ನ ನಾನು ಹನ್ನೊಂದು ಅಂತಲೇ ಓದ್ತೀನಿ, ಒಂದೆರಡು ಗಂಟೆ ಆಚೀಚೆ ಆಗೋದು ಮಾಮೂಲು.

ಹಾಗಾದರೆ ಎಷ್ಟು ಬೇಗ ಹೊರಡೋದು? ಸುಮಾರು ಜನ ರಾತ್ರಿ ಒಂದೂವರೆ ಎರಡಕ್ಕೇ ಹೊರಟು ಸೂರ್ಯೋದಯಕ್ಕೆ ತುದಿ ಸೇರ್ತಾರೆ. ನಾನೂ ಹಾಗೇ ಅಂದ್ಕೊಂಡಿದ್ದೆ, ಗಾಳಿಯ ಸಾಲು ನೋಡೋವರೆಗೆ. ಬೆಳಗಿನ ಜಾವ ತುದಿಯಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ. ಮೈನಸ್ 3ಕ್ಕೆ ಈ ಗಾಳಿ ಸೇರಿದರೆ ವಿಂಡ್ ಚಿಲ್, ಅಂದರೆ ಗಾಳಿಗೆ ಮೈಗೆ ಅನ್ನಿಸೋ ಚಳಿ, ಮೈನಸ್ 10. ಎಂಟು ಗಂಟೆಗೆ ಗಾಳಿ 15ಕ್ಕೆ ಇಳಿಯುತ್ತೆ, ಉಷ್ಣತೆ ಸೊನ್ನೆ, ವಿಂಡ್ ಚಿಲ್ ಬರೀ ಮೈನಸ್ 4. ವಿಂಡ್ ಚಿಲ್ ಅನ್ನೋದು ಚರ್ಮದ ಲೆಕ್ಕ, ಬಾಟಲಿ ನೀರಿಗೆ ಅನ್ವಯಿಸಲ್ಲ, ಅದು ಮೈನಸ್ 3ಕ್ಕಿಂತ ಕೆಳಗೆ ಹೋಗಲ್ಲ. ಆದರೆ ಒಣ ಬಟ್ಟೆ ಹಾಕಿದವರ ಲೆಕ್ಕ ಅದು. ಹೋದ ವರ್ಷ ಇನ್ನೊಂದು ಬೆಟ್ಟದಲ್ಲಿ ನಾನು ಜಾಕೆಟ್ ತೆಗೆಯದೆ ಹತ್ತಿ, ಬೆವರಿ, ತುದಿಯಲ್ಲಿ ನಿಂತ ಹತ್ತೇ ನಿಮಿಷಕ್ಕೆ ಬೆರಳು ಮಡಚೋಕಾಗದೆ ಕ್ಯಾಮೆರಾ ಬಟನ್ ಕೂಡ ಒತ್ತೋಕಾಗಲಿಲ್ಲ. ನಿಮಗೆ ಆ ವಿಡಿಯೋ ಸಿಗದೆ ಇದ್ದಿದ್ದು ಅದಕ್ಕೇ.

ಅದಕ್ಕೆ ನಮ್ಮ ಪ್ಲಾನ್ ಹೀಗೆ. ನಾಲ್ಕಕ್ಕೆ ಕ್ಯಾಂಪ್ ಬಿಡೋದು. 400 ಮೀಟರ್ ಏರು, ನಿಧಾನಕ್ಕೆ ಹತ್ತಿದರೂ ಎಂಟಕ್ಕೆ ತುದಿ. ಗಾಳಿ ಇಳಿದಿರುತ್ತೆ, ಹಿಮ ಇನ್ನೂ ಗಟ್ಟಿ ಇರುತ್ತೆ. ಹತ್ತೂವರೆಗೆ ವಾಪಸ್ ಕ್ಯಾಂಪ್. ಒಂಬತ್ತು ಗಂಟೆಗೆ ಎಲ್ಲಿದ್ದರೂ ತಿರುಗೋದು, ತುದಿ ಐವತ್ತು ಮೀಟರ್ ದೂರ ಇದ್ದರೂ ಸರಿ. ಸೂರ್ಯೋದಯ ದಾರಿಯಲ್ಲೇ ನೋಡ್ತೀವಿ, ಮಾವನ ಮಗ ಇದಕ್ಕೆ ಇನ್ನೂ ಮುನಿಸಿಕೊಂಡಿದ್ದಾನೆ.

ಸಾಂಕ್ರಿ ದಾಟಿದರೆ ನೆಟ್‌ವರ್ಕ್ ನಂಬೋ ಹಾಗಿಲ್ಲ. ಐದು ದಿನ ಮುಂಚಿನ ಮುನ್ಸೂಚನೆ ಬದಲಾಗ್ತಾನೇ ಇರುತ್ತೆ, ಅದಕ್ಕೆ ಅಲ್ಲಿ ಕೊನೇ ಸಲ ನೋಡಿ ಸ್ಕ್ರೀನ್‌ಶಾಟ್ ತೆಗೀತೀನಿ. ಆಮೇಲೆ ಆಕಾಶವೇ ಗತಿ. ಬೆಳಿಗ್ಗೆ ಎಂಟಕ್ಕೇ ಮೋಡ ಹೂಕೋಸಿನ ಹಾಗೆ ಉದ್ದುದ್ದ ಬೆಳೀತಿದ್ದರೆ ಒಂಬತ್ತರವರೆಗೂ ಕಾಯಲ್ಲ. ಮಿಂಚು ಕಂಡು ಮೂವತ್ತು ಎಣಿಸೋದರೊಳಗೆ ಗುಡುಗು ಕೇಳಿದರೆ ಅದು ಹತ್ತು ಕಿಲೋಮೀಟರ್ ಒಳಗೇ ಇದೆ, ತುದಿ, ಬೋಳು ಏಣು ಬಿಟ್ಟು ಇಳೀಲೇಬೇಕು.

ಸರಿ, ಅಪ್ಪ ಮಿರ್ಚಿ ಮಂಡಕ್ಕಿ ತಂದಿದ್ದಾರೆ. ಮುಂದಿನ ವಿಡಿಯೋ ಸಾಂಕ್ರಿಯಿಂದ.